ಪಿಯುಸಿ ಮುಗಿಸಿ ನೇರವಾಗಿ ವಿದೇಶದ ಪದವಿ: ಬೋರ್ಡ್ ಬದಲಿಸುವ ಅಗತ್ಯವಿದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಪ್ರಥಮ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಸಿ. ಮೆಕ್ಯಾನಿಕಲ್ ಇಂಜಿನಿಯರಿಂಗನ್ನು ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಓದಬೇಕೆಂದು ಹಟ ಹಿಡಿದಿದ್ದಾಳೆ. ರಾಜ್ಯ ಬೋರ್ಡ್‌ಗೆ ಹೊರಗೆ ಬೆಲೆಯಿಲ್ಲ, ಈಗಲೇ ಬೆಂಗಳೂರಿಗೆ ಕರೆತಂದು ಎ-ಲೆವೆಲ್‌ಗೆ ಸೇರಿಸಿ ಎಂದು ಒಬ್ಬ ಸಲಹೆಗಾರರು ಹೇಳುತ್ತಿದ್ದಾರೆ. ಬೋರ್ಡ್ ಬದಲಿಸಬೇಕೇ? ಯಾವ ಪರೀಕ್ಷೆ ಬರೆಯಬೇಕು, ಅರ್ಜಿ ಯಾವಾಗ ಹಾಕಬೇಕು?

ಉತ್ತರ: ಬೋರ್ಡ್ ಬದಲಿಸಬೇಡಿ. ಎ-ಲೆವೆಲ್ ಎಂದರೆ ಬ್ರಿಟನ್ನಿನ ಪಠ್ಯಕ್ರಮದ ಎರಡು ವರ್ಷದ ಓದು. ಪ್ರಥಮ ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಅಲ್ಲಿಗೆ ಸೇರಿದರೆ ನಿಮ್ಮ ಮಗಳು ಮೊದಲಿನಿಂದ ಶುರು ಮಾಡಬೇಕು. ಒಂದು ವರ್ಷ ಹೋಗುತ್ತದೆ, ಖಾಸಗಿ ಶಾಲೆಯ ಶುಲ್ಕವೂ ಬೀಳುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಜರ್ಮನಿಯ ಬಾಗಿಲು ತಾನಾಗಿ ತೆರೆಯುವುದಿಲ್ಲ. ಎ-ಲೆವೆಲ್‌ನಲ್ಲಿ ಯಾವ ಯಾವ ವಿಷಯಗಳು ಒಟ್ಟಿಗಿರಬೇಕು ಎಂಬುದಕ್ಕೆ ಆ ದೇಶದ್ದೇ ಷರತ್ತುಗಳಿವೆ.

ಸಲಹೆಗಾರರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ಗಣಿತದ ಪಾಠಗಳು ಎನ್‌ಸಿಇಆರ್‌ಟಿ ಪಠ್ಯದವೇ. ಸಿಬಿಎಸ್‌ಇ ಮಕ್ಕಳು ಓದುವುದನ್ನೇ ನಿಮ್ಮ ಮಗಳೂ ಓದುತ್ತಿದ್ದಾಳೆ. ಆದರೂ ಬ್ರಿಟನ್ನಿನ, ಆಸ್ಟ್ರೇಲಿಯಾದ ಹಲವು ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದ ಭಾರತದ ಪುಟದಲ್ಲಿ ಸಿಬಿಎಸ್‌ಇ ಮತ್ತು ಐಎಸ್‌ಸಿಗೆ ಒಂದು ಅಂಕಮಟ್ಟ ಹೇಳಿ, ರಾಜ್ಯ ಬೋರ್ಡ್‌ಗಳಿಗೆ ಬೇರೆ ಸಾಲಿನಲ್ಲಿ ಅದಕ್ಕಿಂತ ಹೆಚ್ಚಿನ ಶೇಕಡಾ ಕೇಳುತ್ತವೆ. ಇದು ನ್ಯಾಯವಲ್ಲ ಎಂದು ನನಗೂ ಅನಿಸುತ್ತದೆ, ಆದರೆ ಅಲ್ಲಿರುವುದು ಆ ನಿಯಮವೇ. ಹಾಗಾಗಿ ನೀವು ನೋಡಬೇಕಾದದ್ದು ಬೋರ್ಡಿನ ಹೆಸರನ್ನಲ್ಲ. ಯಾವ ದೇಶ ಯಾವ ಕಾಗದವನ್ನು ಯಾವ ತಿಂಗಳಲ್ಲಿ ಕೇಳುತ್ತದೆ, ಅಷ್ಟರಲ್ಲಿ ಅದು ನಿಮ್ಮ ಮಗಳ ಕೈಯಲ್ಲಿರುತ್ತದೆಯೇ ಎಂಬುದನ್ನು ನೋಡಿ. ನಮ್ಮ ಭಾಗದ ಮಕ್ಕಳ ಅರ್ಜಿಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಮೊದಲು ಇಂಗ್ಲೆಂಡ್. ಅಲ್ಲಿನ ಮಕ್ಕಳು 13 ವರ್ಷ ಶಾಲೆ ಓದಿ ಮೂರು ವರ್ಷದ ಪದವಿಗೆ ಬರುತ್ತಾರೆ. ನಮ್ಮವರದು 12 ವರ್ಷ. ಅಂಕ ಚೆನ್ನಾಗಿದ್ದರೆ ಈ ಒಂದು ವರ್ಷದ ಅಂತರವನ್ನು ಬಹಳಷ್ಟು ವಿಶ್ವವಿದ್ಯಾಲಯಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಡಿಮೆ ಇದ್ದರೆ ‘ಫೌಂಡೇಶನ್ ವರ್ಷ’ ಎಂಬ ಹೆಚ್ಚುವರಿ ವರ್ಷ ಓದಿ ಬನ್ನಿ ಎನ್ನುತ್ತವೆ, ಆಗ ಖರ್ಚಿನ ಲೆಕ್ಕವೇ ಬದಲಾಗುತ್ತದೆ.

ಅರ್ಜಿಗಳೆಲ್ಲ ಯುಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಹೋಗುತ್ತವೆ. ಒಂದು ಅರ್ಜಿಯಲ್ಲಿ ಐದು ಆಯ್ಕೆಗಳಿಗೆ ಅವಕಾಶವಿದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಹಾಕುವಂತಿಲ್ಲ, ಒಂದನ್ನು ಮಾತ್ರ ಆರಿಸಬೇಕು. ಆ ಎರಡಕ್ಕೆ ಮತ್ತು ಹೆಚ್ಚಿನ ವೈದ್ಯಕೀಯ ಕೋರ್ಸ್‌ಗಳಿಗೆ ಅಕ್ಟೋಬರ್ 15 ಕೊನೆಯ ದಿನ. ಉಳಿದ ಹೆಚ್ಚಿನ ಕೋರ್ಸ್‌ಗಳಿಗೆ ಜನವರಿಯಲ್ಲಿ ಒಂದು ಗಡುವಿದೆ, ಅಷ್ಟರೊಳಗೆ ಬಂದ ಅರ್ಜಿಗಳನ್ನೆಲ್ಲ ಸಮಾನವಾಗಿ ನೋಡುತ್ತಾರೆ. ಗಡುವು ಬ್ರಿಟನ್ನಿನ ಸಂಜೆ 6 ಗಂಟೆಗೆ, ಅಂದರೆ ಅಕ್ಟೋಬರಿನಲ್ಲಿ ನಮ್ಮ ರಾತ್ರಿ ಹತ್ತೂವರೆ, ಜನವರಿಯಲ್ಲಿ ಹನ್ನೊಂದೂವರೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ಊರಿನವರು ಕೊನೆಯ ರಾತ್ರಿಯವರೆಗೆ ಕಾಯಬಾರದು.

ಈಗ ನಿಮ್ಮ ಮಗಳ ಕ್ಯಾಲೆಂಡರ್ ನೋಡೋಣ. ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆ ಮಾರ್ಚ್‌ನಲ್ಲಿ, ಫಲಿತಾಂಶ ಏಪ್ರಿಲ್‌ನಲ್ಲಿ. ಯುಕಾಸ್ ಅರ್ಜಿ ಅದಕ್ಕಿಂತ ಹಿಂದಿನ ಸೆಪ್ಟೆಂಬರ್ ಮತ್ತು ಜನವರಿಯ ನಡುವೆ. ಅಂದರೆ ಅರ್ಜಿ ಹಾಕುವ ಹೊತ್ತಿಗೆ ಪಿಯುಸಿ ಫಲಿತಾಂಶ ಇರುವುದಿಲ್ಲ. ಅದರ ಬದಲಿಗೆ ಅವರು ಕೇಳುವುದು ಉಪನ್ಯಾಸಕರ ಶಿಫಾರಸು ಪತ್ರ ಮತ್ತು ‘ನಿರೀಕ್ಷಿತ ಅಂಕ’. ದ್ವಿತೀಯ ಪಿಯುಸಿಯಲ್ಲಿ ಈ ವಿದ್ಯಾರ್ಥಿ ಎಷ್ಟು ತೆಗೆಯಬಹುದು ಎಂದು ಕಾಲೇಜು ಮುಂಚಿತವಾಗಿ ಬರೆದುಕೊಡಬೇಕು. ಸೆಪ್ಟೆಂಬರಿನಲ್ಲಿ ಕಾಲೇಜಿನ ಬಳಿ ಆಧಾರವಾಗಿ ಏನಿರುತ್ತದೆ? ಪೂರ್ವಸಿದ್ಧತಾ ಪರೀಕ್ಷೆ ನಡೆಯುವುದೇ ಹೊಸ ವರ್ಷದ ಹೊತ್ತಿಗೆ. ಮಧ್ಯವಾರ್ಷಿಕ ಆಗಷ್ಟೇ ನಡೆಯುತ್ತಿರುತ್ತದೆ. ಉಳಿಯುವುದು ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮಾತ್ರ. ಸಿಇಟಿಗೆ ಬರುವುದಿಲ್ಲ, ಪಾಸಾದರೆ ಸಾಕು ಎಂದು ನಮ್ಮಲ್ಲಿ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ಆ ಪರೀಕ್ಷೆಯೇ ನಿಮ್ಮ ಮಗಳ ಮೊದಲ ಪ್ರವೇಶ ಪರೀಕ್ಷೆ. ಅದಕ್ಕೆ ಇನ್ನೂ ಸಮಯವಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿರೀಕ್ಷಿತ ಅಂಕ ಬರೆದುಕೊಡುವುದು ನಮ್ಮ ಪಿಯು ಕಾಲೇಜುಗಳಿಗೆ ಹೊಸ ಕೆಲಸ. ಉಪನ್ಯಾಸಕರು ಪ್ರೀತಿಯಿಂದ ಎಲ್ಲ ವಿಷಯಕ್ಕೂ 98, 99 ಎಂದು ಬರೆದುಬಿಡುತ್ತಾರೆ. ಪ್ರಥಮ ಪಿಯುಸಿಯಲ್ಲಿ 82 ಇದ್ದವಳಿಗೆ 99 ಎಂದರೆ ಓದುವವರು ನಂಬುವುದಿಲ್ಲ. ನಂಬಿದರೂ ತೊಂದರೆಯೇ, ಅವರು ಕೊಡುವ ಷರತ್ತುಬದ್ಧ ಪ್ರವೇಶ ಅದೇ ಎತ್ತರದಲ್ಲಿ ಬಂದು ಕೂರುತ್ತದೆ. ಪ್ರಾಂಶುಪಾಲರ ಬಳಿ ನೀವೇ ಹೋಗಿ, ಸಿಗಬಹುದಾದ ಅಂಕವನ್ನೇ ಬರೆಯಿರಿ ಎಂದು ಕೇಳಿಕೊಳ್ಳಿ. ಶಿಫಾರಸು ಪತ್ರವನ್ನು ಭೌತಶಾಸ್ತ್ರದ ಅಥವಾ ಗಣಿತದ ಉಪನ್ಯಾಸಕರೇ ಬರೆದರೆ ಒಳ್ಳೆಯದು. ‘ಶಿಸ್ತಿನ ಹುಡುಗಿ, ನಡತೆ ಉತ್ತಮ’ ಎಂಬ ನಡತೆ ಪ್ರಮಾಣಪತ್ರದ ಸಾಲುಗಳು ಅಲ್ಲಿ ಏನೂ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಅವಳು ಏನು ಮಾಡಿದಳು, ಯಾವ ಪ್ರಶ್ನೆ ಕೇಳಿದಳು ಎಂಬ ಎರಡು ವಾಕ್ಯಗಳಿದ್ದರೆ ಪತ್ರಕ್ಕೆ ತೂಕ ಬರುತ್ತದೆ. ವಿದ್ಯಾರ್ಥಿಯ ಸ್ವಂತ ಬರಹವೂ 2026ರ ಪ್ರವೇಶದಿಂದ ಬದಲಾಗಿದೆ. ಉದ್ದದ ಒಂದೇ ಪ್ರಬಂಧದ ಬದಲು ಈಗ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು, ಒಟ್ಟು 4,000 ಅಕ್ಷರಗಳ ಮಿತಿಯಲ್ಲಿ.

ಇನ್ನು ಶೇಕಡಾ ಲೆಕ್ಕ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ನಿಮ್ಮ ಮಗಳಿಗೆ ದ್ವಿತೀಯ ಪಿಯುಸಿಯಲ್ಲಿ ಕನ್ನಡ 97, ಇಂಗ್ಲಿಷ್ 84, ಭೌತಶಾಸ್ತ್ರ 86, ರಸಾಯನಶಾಸ್ತ್ರ 88, ಗಣಿತ 90, ಕಂಪ್ಯೂಟರ್ ಸೈನ್ಸ್ 97 ಬಂತೆಂದುಕೊಳ್ಳಿ. ಒಟ್ಟು 600ಕ್ಕೆ 542, ಅಂದರೆ ಶೇ 90ಕ್ಕೆ ಸ್ವಲ್ಪ ಮೇಲೆ. ಒಂದು ವಿಶ್ವವಿದ್ಯಾಲಯ ಒಟ್ಟಾರೆ ಶೇ 90 ಕೇಳಿದರೆ ಅವಳು ಪಾಸು. ಇನ್ನೊಂದು ಗಣಿತ, ಭೌತ, ರಸಾಯನ ಮೂರನ್ನೇ ನೋಡಿದರೆ ಅವಳದು ಶೇ 88, ಅಲ್ಲಿ 90 ಇದ್ದರೆ ಸಿಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಹಲವೆಡೆ ಮಾಡುವಂತೆ ಅತ್ಯುತ್ತಮ ನಾಲ್ಕು ವಿಷಯ ಹಿಡಿದರೆ ಶೇ 93. ಒಂದೇ ಅಂಕಪಟ್ಟಿ, ಮೂರು ಲೆಕ್ಕ. ಹಾಗಾಗಿ ‘ಅಲ್ಲಿಗೆ ಎಷ್ಟು ಪರ್ಸೆಂಟ್ ಬೇಕು’ ಎಂದು ಕೇಳಿದರೆ ಸಾಲದು, ಯಾವ ವಿಷಯಗಳ ಮೇಲೆ ಎಂದು ಕೇಳಬೇಕು. ಉತ್ತರ ಪುಟದಲ್ಲಿ ಸಿಗದಿದ್ದರೆ ಪ್ರವೇಶ ವಿಭಾಗಕ್ಕೆ ಇ-ಮೇಲ್ ಬರೆಯಿರಿ, ಬಂದ ಉತ್ತರವನ್ನು ಜೋಪಾನವಾಗಿಡಿ.

ಇಂಗ್ಲಿಷ್ ವಿಷಯದ ಅಂಕವನ್ನು ಬೇಕೆಂದೇ ಸ್ವಲ್ಪ ಕಡಿಮೆ ಹಾಕಿದ್ದೇನೆ. ವಿಜ್ಞಾನದ ಮಕ್ಕಳು ಅದನ್ನು ಕೊನೆಯ ವಾರದ ಓದಿಗೆ ಬಿಡುತ್ತಾರೆ. ಆದರೆ ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕ ಒಂದು ಮಟ್ಟ ಮುಟ್ಟಿದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯನ್ನು ಕೇಳುವುದಿಲ್ಲ. ಆ ರಿಯಾಯಿತಿಯನ್ನು ಎಲ್ಲ ರಾಜ್ಯ ಬೋರ್ಡ್‌ಗಳಿಗೂ ಕೊಡುತ್ತಾರೆ ಎಂದೇನಿಲ್ಲ, ಕರ್ನಾಟಕದ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಐಇಎಲ್‌ಟಿಎಸ್ ಬರೆಯಲಿ. ಅದರ ಅಂಕಕ್ಕೆ ಎರಡು ವರ್ಷದ ಆಯುಷ್ಯ, ಹಾಗಾಗಿ ಈಗಲೇ ಬರೆಸುವ ಅವಸರ ಬೇಡ. ಮುಂದಿನ ಬೇಸಿಗೆ ರಜೆಯಲ್ಲಿ ಬರೆದರೆ ಸರಿಹೋಗುತ್ತದೆ.

ಕರ್ನಾಟಕದ ಮಕ್ಕಳಿಗೆ ಈಗ ಒಂದು ಅನುಕೂಲವಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತದೆ, ಹೆಚ್ಚು ಬಂದ ಅಂಕ ಉಳಿಯುತ್ತದೆ. ಷರತ್ತು ಗಣಿತದಲ್ಲಿ 90 ಎಂದಿದ್ದು ಮೊದಲ ಪರೀಕ್ಷೆಯಲ್ಲಿ 86 ಬಂದರೆ, ಎರಡನೆಯದನ್ನು ಬರೆದು ಆಗಸ್ಟ್‌ಗಿಂತ ಮೊದಲೇ ಹೊಸ ಅಂಕಪಟ್ಟಿ ಕಳಿಸಬಹುದು. ಅಂಕ ಉತ್ತಮಪಡಿಸಿಕೊಳ್ಳಲು ಮರುಪರೀಕ್ಷೆ ಬರೆದದ್ದನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ, ಅದನ್ನೂ ಮೊದಲೇ ಬರೆದು ಕೇಳಿ.

ಪ್ರವೇಶ ಪರೀಕ್ಷೆ ಎಲ್ಲ ಬ್ರಿಟಿಷ್ ವಿಶ್ವವಿದ್ಯಾಲಯಗಳಿಗೂ ಇಲ್ಲ. ಕೇಂಬ್ರಿಜ್‌ನ ಇಂಜಿನಿಯರಿಂಗ್‌ಗೆ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹಲವು ಇಂಜಿನಿಯರಿಂಗ್ ವಿಭಾಗಗಳಿಗೆ ‘ಈಸ್ಯಾಟ್’ ಎಂಬ ಕಂಪ್ಯೂಟರ್ ಪರೀಕ್ಷೆ ಇದೆ. ಒಂದೊಂದು ಭಾಗಕ್ಕೆ 40 ನಿಮಿಷ, 27 ಪ್ರಶ್ನೆ, ಕ್ಯಾಲ್ಕ್ಯುಲೇಟರ್ ಇಲ್ಲ. ಅಕ್ಟೋಬರ್ ಮತ್ತು ಜನವರಿಯಲ್ಲಿ ನಡೆಯುತ್ತದೆ, ಕೇಂಬ್ರಿಜ್‌ಗೆ ಹಾಕುವವರು ಅಕ್ಟೋಬರಿನದನ್ನೇ ಬರೆಯಬೇಕು. ನೋಂದಣಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ, ಯುಕಾಸ್ ಗಡುವಿಗಿಂತ ಮೊದಲೇ. ಅದು ಗೊತ್ತಾಗದೆ ಒಳ್ಳೆಯ ಮಕ್ಕಳ ಒಂದು ವರ್ಷವೇ ಹೋಗಿಬಿಡುತ್ತದೆ. ಪಠ್ಯ ಬ್ರಿಟನ್ನಿನದು. ನಮ್ಮ ಗಣಿತಕ್ಕಿಂತ ಕಷ್ಟವೇನಲ್ಲ. ಆದರೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ತ್ರಾಪಿಜ್ಯಗಳಾಗಿ ಕತ್ತರಿಸಿ ಅಂದಾಜು ಮಾಡುವ ವಿಧಾನದಂಥ ಕೆಲವು ಸಣ್ಣ ಭಾಗಗಳು ಪಿಯುಸಿ ಪುಸ್ತಕದಲ್ಲಿಲ್ಲ. ಜೆಇಇ ಮಾದರಿಯ ತಯಾರಿ ಇದ್ದವರಿಗೆ ಇಲ್ಲಿ ಕಷ್ಟ ಕೊಡುವುದು ವೇಗ, ಒಂದು ಪ್ರಶ್ನೆಗೆ ಒಂದೂವರೆ ನಿಮಿಷವೂ ಸಿಗುವುದಿಲ್ಲ.

ಇನ್ನು ಜರ್ಮನಿ. ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ, ಅದು ನಿಜ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಆದರೆ ಶುಲ್ಕದ ಮಾತು ಹೇಳಿದವರು ಇನ್ನೊಂದು ವಿಷಯವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಭಾರತದ ಹನ್ನೆರಡನೇ ತರಗತಿಯ ಅಂಕಪಟ್ಟಿಯೊಂದನ್ನೇ ಹಿಡಿದು ಹೋದರೆ ಅಲ್ಲಿ ನೇರ ಪ್ರವೇಶವಿಲ್ಲ. ಇಲ್ಲಿ ರಾಜ್ಯ ಬೋರ್ಡ್, ಸಿಬಿಎಸ್‌ಇ ಎಂಬ ಭೇದವೂ ಇಲ್ಲ, ಇಬ್ಬರಿಗೂ ಇದೇ ಮಾತು.

ಇಂಜಿನಿಯರಿಂಗ್‌ಗೆ ದಾರಿ ಮೂರು. ಒಂದು, ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಪಡೆಯುವುದು. ಆಗ ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ ನೇರವಾಗಿ ಅರ್ಜಿ ಹಾಕಬಹುದು. ಐಐಟಿ ಸೀಟು ಸಿಗಬೇಕೆಂದಿಲ್ಲ, ಅರ್ಹತೆ ಸಾಕು. ಸಿಇಟಿ ರ‍್ಯಾಂಕ್ ಇದಕ್ಕೆ ಬರುವುದಿಲ್ಲ, ಜೆಇಇ ಮೇನ್ ಮಾತ್ರವೂ ಸಾಲದು. ಎರಡು, ಜರ್ಮನಿಗೆ ಹೋಗಿ ‘ಸ್ಟುಡಿಯೆನ್‌ಕೊಲೆಗ್’ ಎಂಬ ಒಂದು ವರ್ಷದ ಪೂರ್ವಸಿದ್ಧತಾ ಕಾಲೇಜು ಓದಿ, ಕೊನೆಯ ಪರೀಕ್ಷೆ ಪಾಸು ಮಾಡುವುದು. ಇಂಜಿನಿಯರಿಂಗ್‌ಗೆ ಹೋಗುವವರು ಅಲ್ಲಿ ‘ಟಿ’ ಕೋರ್ಸ್ ಸೇರುತ್ತಾರೆ. ಅದಕ್ಕೆ ಸೇರಲೂ ಜರ್ಮನ್ ಭಾಷೆಯ ಮತ್ತು ಗಣಿತದ ಪ್ರವೇಶ ಪರೀಕ್ಷೆ ಇರುತ್ತದೆ. ಮೂರು, ಇಲ್ಲಿಯೇ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಪದವಿಯ ಒಂದು ವರ್ಷವನ್ನು ಯಶಸ್ವಿಯಾಗಿ ಮುಗಿಸಿ, ಅದೇ ವಿಷಯಕ್ಕೆ ಅಲ್ಲಿ ಮೊದಲ ಸೆಮಿಸ್ಟರಿನಿಂದ ಸೇರುವುದು.

ಎರಡನೆಯ ದಾರಿಯಲ್ಲಿ ಒಂದು ಅಪಾಯವಿದೆ. ಸ್ಟುಡಿಯೆನ್‌ಕೊಲೆಗ್‌ಗಳಲ್ಲಿ ಸರ್ಕಾರಿ ಇವೆ, ಖಾಸಗಿಯೂ ಇವೆ. ಏಜೆಂಟರು ತೋರಿಸುವುದು ಹೆಚ್ಚಾಗಿ ಖಾಸಗಿಯನ್ನು. ಮಾನ್ಯತೆ ಇಲ್ಲದ ಖಾಸಗಿ ಕಾಲೇಜಿನಲ್ಲಿ ಓದಿದವರು ಅಂತಿಮ ಪರೀಕ್ಷೆಯನ್ನು ಹೊರಗಿನ ಅಭ್ಯರ್ಥಿಯಾಗಿ ಬೇರೆಡೆ ಬರೆಯಬೇಕಾಗುತ್ತದೆ. ‘ನಿಮ್ಮಲ್ಲಿ ಪಾಸಾದ ಪ್ರಮಾಣಪತ್ರವನ್ನು ಯಾವ ಯಾವ ವಿಶ್ವವಿದ್ಯಾಲಯಗಳು ಒಪ್ಪುತ್ತವೆ’ ಎಂದು ಬರಹದಲ್ಲಿ ಕೇಳಿ. ನೇರ ಉತ್ತರ ಬರದಿದ್ದರೆ ಆ ಕಾಲೇಜನ್ನು ಬಿಟ್ಟುಬಿಡಿ.

ಮೂರೂ ದಾರಿಗೆ ಸಮಾನವಾದದ್ದು ಭಾಷೆ. ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಮಟ್ಟದ ಇಂಜಿನಿಯರಿಂಗ್ ಬಹುಪಾಲು ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತದೆ, ಪ್ರವೇಶಕ್ಕೆ ಎ1ರಿಂದ ಸಿ2ರವರೆಗಿನ ಆರು ಭಾಷಾ ಮಟ್ಟಗಳಲ್ಲಿ ಸಾಮಾನ್ಯವಾಗಿ ಐದನೆಯದಾದ ಸಿ1 ಬೇಕು. ಇಂಗ್ಲಿಷ್ ಮಾಧ್ಯಮದ ಹೆಚ್ಚಿನ ಕೋರ್ಸ್‌ಗಳು ಇರುವುದು ಸ್ನಾತಕೋತ್ತರದಲ್ಲಿ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಜರ್ಮನಿಯ ನಿಜವಾದ ಪ್ರವೇಶ ಪರೀಕ್ಷೆ ಎಂದರೆ ಭಾಷಾ ಪರೀಕ್ಷೆಯೇ. ದ್ವಿತೀಯ ಪಿಯುಸಿ ಮತ್ತು ಸಿಇಟಿ ತಯಾರಿಯ ನಡುವೆ ಬಿ2, ಸಿ1 ಮುಟ್ಟುವುದು ಬಹಳ ಕಷ್ಟ. ಎ1, ಎ2 ಮಾತ್ರ ಈಗಿನಿಂದ ವಾರಕ್ಕೆ ಎರಡು ಮೂರು ಆನ್‌ಲೈನ್ ತರಗತಿಗಳಲ್ಲಿ ಹಾಸ್ಟೆಲಿನಿಂದಲೇ ಸಾಧ್ಯ, ಪರೀಕ್ಷೆಯನ್ನು ಬೆಂಗಳೂರಿನ ಗ್ಯೋಟೆ ಸಂಸ್ಥೆಯಲ್ಲಿ ಬರೆಯಬಹುದು.

ಗಡುವುಗಳು ಇಲ್ಲಿ ನಮಗೆ ಅನುಕೂಲಕರವಾಗಿಯೇ ಇವೆ. ಅಕ್ಟೋಬರಿನಲ್ಲಿ ಆರಂಭವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಹಲವು ಕಡೆ ಜುಲೈ 15 ಕೊನೆಯ ದಿನ, ಅಷ್ಟರಲ್ಲಿ ಪಿಯುಸಿ ಫಲಿತಾಂಶ ಬಂದಿರುತ್ತದೆ, ನಿರೀಕ್ಷಿತ ಅಂಕದ ರಗಳೆ ಇಲ್ಲ. ಆದರೆ 2022ರ ನವೆಂಬರಿನಿಂದ ಭಾರತೀಯರಿಗೆ ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪ್ರಮಾಣಪತ್ರ ಕಡ್ಡಾಯ. ಅದಿಲ್ಲದೆ ವೀಸಾ ಇಲ್ಲ, ಎಷ್ಟೋ ವಿಶ್ವವಿದ್ಯಾಲಯಗಳು ಅರ್ಜಿಯನ್ನೂ ತೆಗೆದುಕೊಳ್ಳುವುದಿಲ್ಲ. ಅದು ಕೈಸೇರಲು ವಾರಗಳು ಹಿಡಿಯುತ್ತವೆ. ಜೆಇಇ ಅಡ್ವಾನ್ಸ್‌ಡ್ ಫಲಿತಾಂಶ ಜೂನ್‌ನಲ್ಲಿ ಬಂದ ಮೇಲೆ ಎಪಿಎಸ್‌ಗೆ ಕಳಿಸಿ ಜುಲೈ 15 ಹಿಡಿಯುವುದು ಬಿಗಿಯಾಗುತ್ತದೆ, ಉಳಿದ ಕಾಗದಗಳೆಲ್ಲ ಮೊದಲೇ ಸಿದ್ಧವಿರಬೇಕು. ಮೂರನೆಯ ದಾರಿಯಲ್ಲೂ ಇಂಥದೇ ತೊಡಕು. ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಎರಡನೇ ಸೆಮಿಸ್ಟರ್ ಫಲಿತಾಂಶ ಜುಲೈ 15ರೊಳಗೆ ಬರದಿದ್ದರೆ, ‘ಒಂದು ವರ್ಷ’ ಎಂದುಕೊಂಡದ್ದು ಲೆಕ್ಕದಲ್ಲಿ ಎರಡಾಗುತ್ತದೆ. ಸೇರುವ ಮೊದಲು ಆ ಕಾಲೇಜಿನ ಹಿಂದಿನ ಎರಡು ವರ್ಷಗಳ ಫಲಿತಾಂಶದ ದಿನಾಂಕ ವಿಚಾರಿಸಿ.

ಮೆಕ್ಯಾನಿಕಲ್ ಆದ್ದರಿಂದ ಇನ್ನೊಂದು ಮಾತು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳು ಮೆಕ್ಯಾನಿಕಲ್‌ಗೆ ಸೇರುವ ಮುನ್ನ ಕೆಲವು ವಾರ ಕಾರ್ಖಾನೆಯ ಕೆಲಸ ಕೇಳುತ್ತವೆ. ಅರ ಹಾಕುವುದು, ಲೇತ್, ಮಿಲ್ಲಿಂಗ್, ವೆಲ್ಡಿಂಗ್, ಎರಕ ಇವನ್ನು ಕೈಯಾರೆ ಮಾಡಿದ ವಾರವಾರದ ವರದಿಯನ್ನು ಒಪ್ಪಿಸಬೇಕು. ಈ ವಿಷಯದಲ್ಲಿ ಶಿವಮೊಗ್ಗದಲ್ಲಿರುವುದು ನಿಮ್ಮ ಮಗಳ ಭಾಗ್ಯ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳೂ ಮಷೀನ್ ಶಾಪ್‌ಗಳೂ ಇವೆ. ಅವಳಿಗೆ 18 ತುಂಬಿದ ಮೇಲೆ, ಪಿಯುಸಿ ಮುಗಿದ ಬೇಸಿಗೆಯಲ್ಲಿ ಅಲ್ಲಿ ಕೆಲಸ ಕಲಿತು, ಸಂಸ್ಥೆಯ ಪತ್ರವನ್ನು ಇಂಗ್ಲಿಷಿನಲ್ಲಿ ಪಡೆಯಬಹುದು. ಭಾರತದಲ್ಲಿ ಮಾಡಿದ್ದನ್ನು ಒಪ್ಪುತ್ತಾರೆಯೇ, ಎಷ್ಟು ವಾರ ಎಂದು ಆಯಾ ವಿಶ್ವವಿದ್ಯಾಲಯಕ್ಕೆ ಮೊದಲೇ ಬರೆಯಿರಿ.

ಅಮೆರಿಕವನ್ನು ನೀವು ಕೇಳಿಲ್ಲ, ಎರಡು ಮಾತಿನಲ್ಲಿ ಹೇಳುತ್ತೇನೆ. ಅಲ್ಲಿಗೆ ನಮ್ಮ 12 ವರ್ಷ ಸಾಕು. ಆದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗಿನ ನಾಲ್ಕೂ ವರ್ಷದ ಅಂಕ ಕೇಳುತ್ತಾರೆ, ಅದು ನಮ್ಮಲ್ಲಿ ಹೈಸ್ಕೂಲಿನಲ್ಲಿ ಅರ್ಧ, ಪಿಯು ಕಾಲೇಜಿನಲ್ಲಿ ಅರ್ಧ ಇರುತ್ತದೆ. ನವೆಂಬರ್ 1ರ ಹೊತ್ತಿನ ‘ಅರ್ಲಿ ಡಿಸಿಷನ್’ ಸುತ್ತಿನಲ್ಲಿ ಸೀಟು ಸಿಕ್ಕರೆ ಸೇರಲೇಬೇಕು, ಧನಸಹಾಯ ಹೋಲಿಸಿ ನೋಡಲು ಅವಕಾಶವಿರುವುದಿಲ್ಲ. ತೋಟದ ಆದಾಯದ ಮೇಲೆ ನಿಂತ ಕುಟುಂಬಕ್ಕೆ ಜನವರಿಯ ಸಾಮಾನ್ಯ ಸುತ್ತೇ ಸರಿ.

ಹಣದ ವಿಷಯದಲ್ಲಿ ಮಲೆನಾಡಿನ ಮನೆಗಳಿಗೆ ಬರುವ ತೊಡಕು ಬೇರೆಯದು. ಬ್ರಿಟನ್ ವೀಸಾಕ್ಕೆ ಮೊದಲ ವರ್ಷದ ಶುಲ್ಕದ ಬಾಕಿ ಮತ್ತು ಜೀವನವೆಚ್ಚದ ಹಣ ಸತತ 28 ದಿನ ಖಾತೆಯಲ್ಲಿರಬೇಕು. ತೋಟದ ಪಹಣಿ, ಮನೆಯಲ್ಲಿರುವ ಅಡಿಕೆ, ಬಂಗಾರ ಯಾವುದೂ ಲೆಕ್ಕಕ್ಕಿಲ್ಲ. ರಿಸರ್ವ್ ಬ್ಯಾಂಕ್ ನಿಯಂತ್ರಣಕ್ಕೆ ಒಳಪಡದ ಊರಿನ ಸೊಸೈಟಿಯಲ್ಲಿಟ್ಟ ಠೇವಣಿಯೂ ನಡೆಯುವುದಿಲ್ಲ. ನಮ್ಮಲ್ಲಿ ಹಣ ಇರುವುದೇ ಹೆಚ್ಚಾಗಿ ಅಲ್ಲಿ! ವೀಸಾ ಅರ್ಜಿಗೆ ಎರಡು ತಿಂಗಳ ಮೊದಲೇ ಅದನ್ನು ಬ್ಯಾಂಕಿಗೆ ವರ್ಗಾಯಿಸಿ, ಇಲ್ಲವೇ ಬ್ಯಾಂಕಿನ ಶಿಕ್ಷಣ ಸಾಲದ ಮಂಜೂರಾತಿ ಪತ್ರ ಪಡೆಯಿರಿ. ಜರ್ಮನಿಗೆ ‘ಬ್ಲಾಕ್ಡ್ ಅಕೌಂಟ್’ನಲ್ಲಿ ವರ್ಷಕ್ಕೆ 11,904 ಯೂರೊ, ಸುಮಾರು 12 ಲಕ್ಷ ರೂಪಾಯಿ, ಮುಂಗಡವಾಗಿ ಇಡಬೇಕು. ಅದು ಖರ್ಚಲ್ಲ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊನಂತೆ ಮಗಳ ಕೈಗೇ ಬರುತ್ತದೆ.

ಇಷ್ಟನ್ನೂ ನೋಡಿ ನನ್ನ ಸಲಹೆ ಹೀಗಿದೆ. ಇಂಗ್ಲೆಂಡಿನ ಶುಲ್ಕ ನಿಮ್ಮ ಕೈಗೆಟುಕುವಂತಿದ್ದರೆ ದ್ವಿತೀಯ ಪಿಯುಸಿಯ ಸೆಪ್ಟೆಂಬರಿನಲ್ಲಿ ಯುಕಾಸ್ ಅರ್ಜಿ ಹಾಕಿ. ಪಿಯುಸಿಯಿಂದ ನೇರವಾಗಿ, ವರ್ಷ ಕಳೆದುಕೊಳ್ಳದೆ ಹೋಗಲು ಅದೇ ದಾರಿ. ಕೈಗೆಟುಕದಿದ್ದರೆ ಜರ್ಮನಿಗೆ ಮೂರನೆಯ ದಾರಿ ಹಿಡಿಯಿರಿ. ಸಿಇಟಿ ಬರೆದು ಇಲ್ಲಿಯೇ ಮೆಕ್ಯಾನಿಕಲ್‌ಗೆ ಸೇರಲಿ, ಆ ವರ್ಷದಲ್ಲಿ ಜರ್ಮನ್ ಭಾಷೆಯನ್ನು ಬಿ2 ದಾಟಿಸಲಿ, ನಂತರ ಅರ್ಜಿ ಹಾಕಲಿ. ಸ್ಟುಡಿಯೆನ್‌ಕೊಲೆಗ್‌ನಲ್ಲೂ ಒಂದು ವರ್ಷ ಹೋಗುತ್ತದೆ, ಅದರಲ್ಲಿ ಅಂತಿಮ ಪರೀಕ್ಷೆ ಪಾಸಾಗದಿದ್ದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಲ್ಲಿ ಓದುತ್ತಾ ಕಾದರೆ ಪ್ರಯತ್ನ ಕೈಗೂಡದಿದ್ದರೂ ಪದವಿ ಮುಂದುವರಿಯುತ್ತಿರುತ್ತದೆ.

ಈ ತಿಂಗಳು ಮಾಡಬೇಕಾದ ಕೆಲಸ ಒಂದಿದೆ, ಪಾಸ್‌ಪೋರ್ಟ್. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗಳಲ್ಲಿ ಹೆಸರಿನ ಜೊತೆ ಊರು ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳಷ್ಟೇ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವನ್ನು ಬಿಡಿಸಿ ಬರೆಸಿದರೆ ‘ಎಚ್’ ಎಂಬುದು ‘ಹೊಸನಗರ’ ಎಂದಾಗುತ್ತದೆ, ಅಂಕಪಟ್ಟಿಯಲ್ಲಿ ‘ಎಚ್’ ಆಗಿಯೇ ಉಳಿಯುತ್ತದೆ. ಎಪಿಎಸ್, ಐಇಎಲ್‌ಟಿಎಸ್, ಯುಕಾಸ್, ವೀಸಾ ಎಲ್ಲ ಕಡೆಯೂ ಇವೆರಡೂ ಒಬ್ಬರೇ ಎಂದು ಮತ್ತೆ ಮತ್ತೆ ಅಫಿಡವಿಟ್ ಕೊಡಬೇಕಾಗುತ್ತದೆ. ದ್ವಿತೀಯ ಪಿಯುಸಿ ಪರೀಕ್ಷೆಯ ನೋಂದಣಿಗೆ ಕಾಲೇಜಿನಲ್ಲಿ ಹೆಸರು ಬರೆಸುವ ಮುನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಅರ್ಜಿ ಮೂರನ್ನೂ ಒಟ್ಟಿಗೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಕಾಲೇಜಿನ ಮೂಲಕ ಮಂಡಳಿಗೆ ತಿದ್ದುಪಡಿಗೆ ಬರೆಯಿರಿ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹೈಸ್ಕೂಲಿಗೆ ಹೋದಾಗ ಒಂಬತ್ತನೇ ತರಗತಿಯ ಅಂಕಗಳ ದೃಢೀಕೃತ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ.